ಮೀಟರು ಹೇಳುವುದೇನು, ಹೇಳದೆ ಬಿಡುವುದೇನು?

ನೀರು ಶುದ್ಧಿ ಮಾಡುವ ಯಂತ್ರವನ್ನು ಮಾರಲು ಮನೆಗೆ ಬರುವವರು ಸಾಮಾನ್ಯವಾಗಿ ಎರಡು ಪ್ರಯೋಗಗಳನ್ನು ತೋರಿಸುತ್ತಾರೆ. ಮೊದಲನೆಯದು ಪೆನ್ನಿನ ಗಾತ್ರದ ಮೀಟರು. ನಿಮ್ಮ ನಲ್ಲಿ ನೀರಿಗೆ ಅದ್ದಿದರೆ 900 ಎಂದು ತೋರಿಸುತ್ತದೆ, ಅವರ ಯಂತ್ರದ ನೀರಿಗೆ ಅದ್ದಿದರೆ 60 ಎಂದು ತೋರಿಸುತ್ತದೆ. ಎರಡನೆಯದು ಇನ್ನೂ ನಾಟಕೀಯ. ನಾಲ್ಕು ಲೋಹದ ಕಡ್ಡಿಗಳಿರುವ ಒಂದು ಉಪಕರಣವನ್ನು ಎರಡು ಲೋಟಗಳಲ್ಲಿ ಇಳಿಸಿ ವಿದ್ಯುತ್ ಹಾಯಿಸುತ್ತಾರೆ. ಎರಡೇ ನಿಮಿಷದಲ್ಲಿ ನಿಮ್ಮ ನೀರು ಕಂದು ಹಸಿರಾಗಿ, ಕೊಳಚೆಯಂತೆ ಕಾಣುತ್ತದೆ. ಯಂತ್ರದ ನೀರು ಮಾತ್ರ ತಿಳಿಯಾಗಿಯೇ ಉಳಿಯುತ್ತದೆ. "ಇಷ್ಟು ದಿನ ಇದನ್ನೇ ಕುಡೀತಿದ್ರಿ ಅಮ್ಮಾ" ಎಂದರೆ ಯಾವ ತಾಯಿಯ ಎದೆ ಝಲ್ಲೆನ್ನುವುದಿಲ್ಲ?

ಕೋಲಾರ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಲ್ಲಿ ವೈದ್ಯ ವೃತ್ತಿ ನಡೆಸುವ ನನ್ನ ಬಳಿಗೆ ಸ್ಥಳೀಯ ಮಹಿಳಾ ಸಮಾಜದ ಸದಸ್ಯೆಯರು ಬಂದದ್ದು ಇಂಥದೊಂದು ಪ್ರಾತ್ಯಕ್ಷಿಕೆಯನ್ನು ನೋಡಿದ ಮೇಲೆ. ಯಂತ್ರ ಬೇಕೋ ಬೇಡವೋ, ಬೇಕಾದರೆ ಎಂಥದು, ಅದರೊಳಗೆ ನಡೆಯುವುದೇನು ಎಂಬುದನ್ನು ಯಾರಾದರೂ ಮಾರಾಟದ ಹಂಗಿಲ್ಲದೆ ತೋರಿಸಬೇಕೆಂದು ಅವರ ಬೇಡಿಕೆ. ಸಮಾಜದವರೇ ಆದ ಶಾಲಾ ಶಿಕ್ಷಕಿಯೊಬ್ಬರು ಓದಿ ಹೇಳಲು ಅನುಕೂಲವಾಗುವಂತೆ ಆಡುಮಾತಿನಲ್ಲಿ ಒಂದು ಬರಹ ಸಿದ್ಧಪಡಿಸಿಕೊಟ್ಟೆ. ಅದನ್ನೇ ಇಲ್ಲಿ, ನಡುನಡುವೆ ಒಂದಿಷ್ಟು ವಿವರಣೆ ಸೇರಿಸಿ ಕೊಡುತ್ತಿದ್ದೇನೆ. ಬೇರೆ ಊರಿನವರೂ ಬಳಸಿಕೊಳ್ಳಬಹುದು.

ಮೊದಲು ಸಾಮಗ್ರಿ. ಮುಚ್ಚಳ ತೆಗೆದಿಟ್ಟ ಒಂದು ಆರ್‌ಓ ಯಂತ್ರ, ಒಂದು ಟಿಡಿಎಸ್ ಮೀಟರು, ಕೊಳವೆ ಬಾವಿಯ ನೀರು, ಯಂತ್ರದ ನೀರು, ಅಡುಗೆ ಉಪ್ಪು, ಒಂದು ಸೀಸೆಯಲ್ಲಿ ಸ್ವಲ್ಪ ಚರಂಡಿ ನೀರು. ಇವುಗಳ ಜೊತೆಗೆ ನೀರಿನಲ್ಲಿ ಮಲದ ಸೋಂಕಿದೆಯೇ ಎಂದು ಪತ್ತೆ ಮಾಡುವ ಎಚ್ಟೂಎಸ್ ಸೀಸೆಗಳು ಎರಡು. ಗ್ರಾಮೀಣ ಕುಡಿಯುವ ನೀರಿನ ವಿಭಾಗದವರು ಇವನ್ನು ಬಳಸುತ್ತಾರೆ, ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಗಳಲ್ಲೂ ಸಿಗುತ್ತವೆ. ಪ್ರಾತ್ಯಕ್ಷಿಕೆಗೆ ಎರಡು ದಿನ ಮೊದಲೇ ಒಂದು ಸೀಸೆಗೆ ಯಂತ್ರದ ನೀರನ್ನೂ, ಇನ್ನೊಂದಕ್ಕೆ ಒಂದು ಲೀಟರು ಯಂತ್ರದ ನೀರಿಗೆ ಒಂದು ಚಹಾ ಚಮಚ ಚರಂಡಿ ನೀರು ಬೆರೆಸಿದ್ದನ್ನೂ ಗುರುತಿನವರೆಗೆ ತುಂಬಿ, ಬಿಗಿಯಾಗಿ ಮುಚ್ಚಿ, ಮನೆಯೊಳಗೆ ಬೆಚ್ಚಗಿರುವ ಜಾಗದಲ್ಲಿ ಇಟ್ಟಿರಬೇಕು. ಚರಂಡಿ ನೀರನ್ನು ಮುಟ್ಟುವವರು ಕೈಗವಸು ಹಾಕಿಕೊಳ್ಳಲಿ, ಆ ಪಾತ್ರೆಗಳು ಮತ್ತೆ ಅಡುಗೆಮನೆಗೆ ಹೋಗದಿರಲಿ.

ಈಗ ಶಿಕ್ಷಕಿಯ ಮಾತು.

(ಮೇಜಿನ ಮೇಲೆ ಎರಡು ದೊಡ್ಡ ಗಾಜಿನ ಪಾತ್ರೆ. ಒಂದರಲ್ಲಿ ಬೋರ್ ನೀರು, ಇನ್ನೊಂದರಲ್ಲಿ ಯಂತ್ರದ ನೀರು ಒಂದು ಲೀಟರು.)

"ಎಲ್ಲರಿಗೂ ನಮಸ್ಕಾರ. ಇದು ಟಿಡಿಎಸ್ ಮೀಟರು. ನಿಮ್ಮಲ್ಲಿ ಹಲವರು ನೋಡಿದ್ದೀರಿ. ಬೋರ್ ನೀರಿಗೆ ಅದ್ದುತ್ತೀನಿ, 900. ಯಂತ್ರದ ನೀರಿಗೆ ಅದ್ದುತ್ತೀನಿ, 60. ಇದು ನಿಜವೇ, ಇದರಲ್ಲಿ ಮೋಸ ಇಲ್ಲ. ಆದರೆ ಈ ಮೀಟರು ಅಳೆದದ್ದು ಏನನ್ನು? ನೀರಿನಲ್ಲಿ ಕರಗಿರೋ ಉಪ್ಪುಗಳನ್ನ. ಅಡುಗೆ ಉಪ್ಪೊಂದೇ ಅಲ್ಲ, ಸುಣ್ಣದ ಅಂಶ, ಮೆಗ್ನೀಷಿಯಂ, ಹೀಗೆ ಕಲ್ಲು ಮಣ್ಣಿನಿಂದ ಕರಗಿ ಬಂದ ಎಲ್ಲ ಲವಣಗಳನ್ನೂ ಸೇರಿಸಿ. ಲವಣ ಇರೋ ನೀರಿನಲ್ಲಿ ಕರೆಂಟು ಸಲೀಸಾಗಿ ಹರಿಯುತ್ತೆ. ಎಷ್ಟು ಸಲೀಸಾಗಿ ಹರಿಯುತ್ತೆ ಅಂತ ನೋಡಿ ಇದು ಒಂದು ಅಂಕಿ ತೋರಿಸುತ್ತೆ. ಅಷ್ಟೇ ಇದರ ಕೆಲಸ.

"ಈಗ ಈ ಶುದ್ಧವಾದ ನೀರಿಗೆ, ಅಂದರೆ 60 ತೋರಿಸಿದ ನೀರಿಗೆ, ಕಾಲು ಚಹಾ ಚಮಚ ಉಪ್ಪು ಹಾಕಿ ಕದಡುತ್ತೀನಿ. ನೋಡಿ, ಸಾವಿರ ದಾಟಿತು. ಇದು ವಿಷ ಆಯಿತೇ? ಇಲ್ಲ. ನಾವು ಮಾಡೋ ಸಾರಿನಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚು ಉಪ್ಪಿರುತ್ತೆ. ಸಾರಿಗೆ ಮೀಟರು ಅದ್ದಿದರೆ ಯಾರೂ ಊಟವೇ ಮಾಡೋ ಹಾಗಿಲ್ಲ.

(ಇನ್ನೊಂದು ಪಾತ್ರೆಯಲ್ಲಿ ಮತ್ತೆ ಒಂದು ಲೀಟರು ಯಂತ್ರದ ನೀರು. ಮೀಟರು 60. ಅದಕ್ಕೆ ಒಂದು ಚಹಾ ಚಮಚ ಚರಂಡಿ ನೀರು ಹಾಕಿ ಕದಡಬೇಕು.)

"ಈಗ ಹಾಕಿದ್ದು ಚರಂಡಿ ನೀರು. ಇದರಲ್ಲಿ ವಾಂತಿಭೇದಿ, ಟೈಫಾಯಿಡ್, ಕಾಮಾಲೆ ತರೋ ರೋಗಾಣು ಇದ್ದಿರಬಹುದು. ಮೀಟರು ಏನು ಹೇಳುತ್ತೆ ನೋಡೋಣ. 65. ನೋಡೋದಕ್ಕೂ ತಿಳಿಯಾಗೇ ಇದೆ. ಮೀಟರಿನ ಲೆಕ್ಕದಲ್ಲಿ ಇದು 'ಒಳ್ಳೇ ನೀರು'. ಈ ಲೋಟ ಯಾರಿಗೆ ಬೇಕು?"

ನಾವು ಮಾಡಿದ ದಿನ ಈ ಘಟ್ಟದಲ್ಲಿ ಸಭೆ ನಕ್ಕಿತು, ನಂತರ ನಿಶ್ಶಬ್ದವಾಯಿತು. ಹೇಳಬೇಕಾದದ್ದು ಅರ್ಧಕ್ಕರ್ಧ ಅಲ್ಲಿಗೇ ಮುಟ್ಟಿತ್ತು. ಕ್ರಿಮಿಗಳು ಲವಣವಲ್ಲ. ಅವು ಲಕ್ಷಗಟ್ಟಲೆ ಇದ್ದರೂ ಮೀಟರಿನ ಅಂಕಿ ಕದಲುವುದಿಲ್ಲ. ಚರಂಡಿ ನೀರಿನಲ್ಲೂ ಲವಣ ಇರುತ್ತದಾದ್ದರಿಂದ ಒಂದು ಚಮಚಕ್ಕೆ ನಾಲ್ಕೈದು ಅಂಕಿ ಏರಬಹುದು, ಅಷ್ಟೇ.

"ಈಗ ಎರಡು ದಿನದ ಹಿಂದೆ ತುಂಬಿಟ್ಟ ಈ ಪುಟ್ಟ ಸೀಸೆಗಳನ್ನ ನೋಡಿ. ಇದರಲ್ಲಿ ಬರೀ ಯಂತ್ರದ ನೀರು, ಬಣ್ಣ ಬದಲಾಗಿಲ್ಲ. ಇದರಲ್ಲಿ ಚಮಚ ಚರಂಡಿ ನೀರು ಸೇರಿಸಿದ್ದು, ಇದ್ದಿಲಿನ ಹಾಗೆ ಕಪ್ಪಾಗಿದೆ. ಮಲದಿಂದ ಬರೋ ಕೆಲವು ಬ್ಯಾಕ್ಟೀರಿಯಾ ಈ ಸೀಸೆಯೊಳಗಿನ ಔಷಧಿಯನ್ನ ಕಪ್ಪು ಮಾಡ್ತವೆ. ಮೀಟರಿಗೆ ಕಾಣದೇ ಇದ್ದದ್ದು ಇದಕ್ಕೆ ಕಂಡಿತು. ಆದರೆ ಇದಕ್ಕೆ ಎರಡು ದಿನ ಬೇಕು. ಮಾರೋಕೆ ಬಂದವರಿಗೆ ಅಷ್ಟು ವ್ಯವಧಾನ ಇರೋದಿಲ್ಲ."

ಸೀಸೆಯನ್ನು ಸಭೆಯಲ್ಲಿ ತೆರೆಯಬಾರದು. ಕೆಲಸ ಮುಗಿದ ಮೇಲೆ ಅದಕ್ಕೆ ಬ್ಲೀಚಿಂಗ್ ಪೌಡರಿನ ದ್ರಾವಣ ಸುರಿದು ಶೌಚಾಲಯಕ್ಕೆ ಚೆಲ್ಲಬೇಕು.

ಇನ್ನು ಕಡ್ಡಿಗಳ ಪ್ರಯೋಗ. ಇದನ್ನು ನಾವು ಮನೆಯಲ್ಲಿ ತಂತಿ ಜೋಡಿಸಿ ಮಾಡುವುದು ಸರ್ವಥಾ ಬೇಡ. ಮಾರಾಟಗಾರ ಮತ್ತೊಮ್ಮೆ ಬಂದಾಗ ಅವರ ಉಪಕರಣದಿಂದ, ಅವರ ಕೈಯಿಂದಲೇ ಮಾಡಿಸಬಹುದು. ಒಂದು ಸಣ್ಣ ಬದಲಾವಣೆ ಕೇಳಿ: ಅವರ ಯಂತ್ರದ ನೀರಿಗೇ ಒಂದು ಚಿಟಿಕೆ ಉಪ್ಪು ಹಾಕಿ ಆ ಮೇಲೆ ಕಡ್ಡಿ ಇಳಿಸಲು ಹೇಳಿ. ಅದೂ ಕಂದಾಗುತ್ತದೆ. ಆ ಕಡ್ಡಿಗಳಲ್ಲಿ ಕೆಲವು ಕಬ್ಬಿಣದವು. ವಿದ್ಯುತ್ ಹರಿದಾಗ ಕಬ್ಬಿಣ ಕರಗಿ ತುಕ್ಕಾಗಿ ನೀರಿಗೆ ಸೇರುತ್ತದೆ. ಲವಣವಿಲ್ಲದ ನೀರಿನಲ್ಲಿ ವಿದ್ಯುತ್ ಹರಿಯುವುದು ತೀರ ಕಡಿಮೆಯಾದ್ದರಿಂದ ತುಕ್ಕೂ ಏಳುವುದಿಲ್ಲ. ನೀವು ಕಂಡ ಕೊಳಕು ನಿಮ್ಮ ನೀರಿನೊಳಗಿದ್ದದ್ದಲ್ಲ, ಅವರ ಕಡ್ಡಿಯಿಂದ ಬಂದದ್ದು.

ಶಿಕ್ಷಕಿ ಈಗ ಯಂತ್ರದ ಬಳಿ ಹೋಗುತ್ತಾರೆ.

"ನೀರು ಮೊದಲು ಈ ಬಿಳೀ ಕೊಳವೆಗೆ ಬರುತ್ತೆ. ಇದು ಸೆಡಿಮೆಂಟ್ ಫಿಲ್ಟರು, ರಿಪೇರಿಯವರು ಕ್ಯಾಂಡಲ್ ಅನ್ನೋದೂ ಉಂಟು. ನೂಲು ಸುತ್ತಿದ ಉಂಡೆ ಥರಾ ಇದೆ. ಇದರ ಸಂದು ಹೆಚ್ಚೂಕಡಿಮೆ 5 ಮೈಕ್ರಾನ್. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ. ಆದ್ದರಿಂದ ಮಣ್ಣು, ಮರಳು, ಪೈಪಿನ ತುಕ್ಕು ಇಲ್ಲಿ ನಿಲ್ಲುತ್ತೆ. ಆದರೆ ಬ್ಯಾಕ್ಟೀರಿಯಾ ಒಂದೆರಡು ಮೈಕ್ರಾನ್ ಮಾತ್ರ. ಸೊಳ್ಳೆಪರದೆಯಲ್ಲಿ ರಾಗಿ ಜರಡಿ ಹಿಡಿದ ಹಾಗೆ, ಅವು ತೂರಿಕೊಂಡು ಹೋಗ್ತವೆ. ಇದು ಹೊಸದು, ಇದು ಆರು ತಿಂಗಳು ಓಡಿದ್ದು. (ಎರಡನ್ನೂ ಎತ್ತಿ ತೋರಿಸಬೇಕು.) ಕಂದಾಗಿದೆ ನೋಡಿ. ನೀರಿನ ಧಾರೆ ಸಣ್ಣದಾದರೆ ಮೊದಲು ಇದನ್ನ ನೋಡಬೇಕು.

"ಎರಡನೇದು ಇದ್ದಿಲು, ಕಾರ್ಬನ್ ಫಿಲ್ಟರು. ತೆಂಗಿನ ಚಿಪ್ಪಿನ ಇದ್ದಿಲನ್ನ ವಿಶೇಷವಾಗಿ ಕಾಯಿಸಿ ಮಾಡಿರ್ತಾರೆ. ಇದು ವಾಸನೆ, ಬಣ್ಣ, ನಗರಸಭೆಯವರು ಹಾಕೋ ಕ್ಲೋರಿನ್ನು, ಕೆಲವು ಕೀಟನಾಶಕ ಇವನ್ನೆಲ್ಲ ಮೈಗೆ ಅಂಟಿಸಿಕೊಳ್ಳುತ್ತೆ. ಕರಗಿದ ಉಪ್ಪನ್ನ ಹಿಡಿಯಲ್ಲ. ಫ್ಲೋರೈಡು ಹಿಡಿಯಲ್ಲ. ಒಂದು ವಿಷಯ ನೆನಪಿಡಿ. ಕ್ಲೋರಿನ್ನು ಕ್ರಿಮಿಗಳಿಗೆ ಕಾವಲುಗಾರ. ಇಲ್ಲಿಂದ ಮುಂದೆ ನೀರಿಗೆ ಕಾವಲಿಲ್ಲ."

ಈ ಕೊನೆಯ ಮಾತನ್ನು ಮಾರಾಟಗಾರರು ಹೇಳುವುದನ್ನು ನಾನು ಕೇಳಿಲ್ಲ. ಇದ್ದಿಲಿನ ಒಳಮೈಯ ಸಂದುಗಳಲ್ಲಿ ಬ್ಯಾಕ್ಟೀರಿಯಾಗಳು ಮನೆ ಮಾಡಿಕೊಳ್ಳುತ್ತವೆ. ಬಹುಪಾಲು ನಿರಪಾಯಕಾರಿಗಳೇ, ಆದರೂ ಇದ್ದಿಲಿನ ನಂತರ ಕ್ರಿಮಿ ಕೊಲ್ಲುವ ಹಂತವೊಂದು ಇರಲೇಬೇಕೆಂಬುದಕ್ಕೆ ಇದೇ ಕಾರಣ. ಬರೀ ಇದ್ದಿಲಿರುವ ಯಂತ್ರವನ್ನು 'ಶುದ್ಧೀಕರಣ ಯಂತ್ರ' ಎಂದು ಕರೆಯುವುದು ಅತಿಯಾಯಿತು.

"ಮೂರನೇದೇ ಆರ್‌ಓ. ಸುರುಳಿ ಸುತ್ತಿದ ಕಾಗದದ ಹಾಗೆ ಕಾಣುತ್ತೆ, ಇದನ್ನ ಮೆಂಬ್ರೇನ್ ಅಂತಾರೆ, ಅಂದರೆ ತೆಳು ಪೊರೆ. ಈ ಪುಟ್ಟ ಪಂಪು ನೀರನ್ನ ಈ ಪೊರೆಗೆ ಒತ್ತುತ್ತೆ. ನೀರಿನ ಕಣ ದಾಟುತ್ತೆ, ಲವಣದಲ್ಲಿ ಬಹುಪಾಲು ದಾಟೋದಿಲ್ಲ. ದಾಟದೆ ಉಳಿದ ಲವಣ ಅಲ್ಲೇ ಇದ್ದರೆ ಪೊರೆ ಕಟ್ಟಿಕೊಳ್ಳುತ್ತೆ, ಅದಕ್ಕೇ ಅದನ್ನ ತೊಳೆದುಕೊಂಡು ಒಂದಿಷ್ಟು ನೀರು ಈ ಕಡೆ ಪೈಪಿನಿಂದ ಹೊರಗೆ ಹೋಗುತ್ತೆ. ಎಷ್ಟು ಹೋಗುತ್ತೆ ಅನ್ನೋದನ್ನ ಲೆಕ್ಕ ಮಾಡೋಣ. ಇಲ್ಲಿ ಒಂದು ಪಾತ್ರೆ, ಅಲ್ಲಿ ಒಂದು ಬಕೆಟ್ಟು. ಒಳ್ಳೇ ನೀರು ಒಂದು ಲೀಟರು ತುಂಬೋ ಹೊತ್ತಿಗೆ ಬಕೆಟ್ಟಿನಲ್ಲಿ ಮೂರು ಲೀಟರು. ಬೇರೆ ಯಂತ್ರದಲ್ಲಿ ಎರಡಾಗಬಹುದು, ನಾಲ್ಕೂ ಆಗಬಹುದು. ನಿಮ್ಮ ಮನೆಯಲ್ಲಿ ಅಳೆದು ನೋಡಿ.

"ಕೊನೇದು ಈ ನೀಲಿ ದೀಪ, ಯುವಿ. ಬಿಸಿಲಿನಲ್ಲಿರೋ ಕಣ್ಣಿಗೆ ಕಾಣದ ಕಿರಣದ ಜಾತಿಯೇ, ಇನ್ನೂ ಪ್ರಬಲ. ಇದು ಏನನ್ನೂ ಸೋಸೋದಿಲ್ಲ. ನೀರು ಪಕ್ಕದಲ್ಲಿ ಹರಿದು ಹೋಗುವಾಗ ಕ್ರಿಮಿಗಳು ಮತ್ತೆ ಮರಿ ಹಾಕದ ಹಾಗೆ ಅವುಗಳ ಒಳಗಿನ ಬೀಜವನ್ನೇ ಕೆಡಿಸುತ್ತೆ. ನೀರು ಕದಡಿದ್ದರೆ ಮಣ್ಣಿನ ಕಣದ ಮರೆಯಲ್ಲಿ ಕ್ರಿಮಿ ತಪ್ಪಿಸಿಕೊಳ್ಳುತ್ತೆ, ಅದಕ್ಕೇ ಮೊದಲು ಸೋಸಿರಬೇಕು. ಕರೆಂಟಿಲ್ಲದಾಗ ಇದೂ ಇಲ್ಲ."

ಯುವಿ ದೀಪದ ಬಗ್ಗೆ ಗೃಹಿಣಿಯರಿಗೆ ಎರಡು ಮಾತು ಹೇಳಬೇಕು. ನೀಲಿ ಬೆಳಕು ಕಾಣುತ್ತಿದೆ ಎಂದ ಮಾತ್ರಕ್ಕೆ ದೀಪ ಕೆಲಸ ಮಾಡುತ್ತಿದೆ ಎಂದಲ್ಲ. ಕ್ರಿಮಿ ಕೊಲ್ಲುವ ಕಿರಣ ನಮ್ಮ ಕಣ್ಣಿಗೆ ಕಾಣುವುದೇ ಇಲ್ಲ. ದಿನವಿಡೀ ಉರಿಯುವ ದೀಪದಲ್ಲಿ ಒಂದು ವರ್ಷದ ಹೊತ್ತಿಗೆ ಅದು ಕುಗ್ಗಿರುತ್ತದೆ, ಬೆಳಕು ಮಾತ್ರ ಇದ್ದೇ ಇರುತ್ತದೆ. ಎರಡನೆಯದಾಗಿ, ದೀಪ ದಾಟಿ ಬಂದ ನೀರಿನಲ್ಲಿ ಯಾವ ರಕ್ಷಣೆಯೂ ಉಳಿದಿರುವುದಿಲ್ಲ. ಆ ನೀರನ್ನು ನಲ್ಲಿ ನೀರಲ್ಲಿ ತೊಳೆದ ಬಿಂದಿಗೆಗೆ ತುಂಬಿ, ಅದರೊಳಗೆ ಲೋಟ ಸಮೇತ ಕೈ ಅದ್ದಿದರೆ ಯಂತ್ರದ್ದು ತಪ್ಪಿಲ್ಲ.

"ಈ ಪೊರೆಯಲ್ಲಿ ಕ್ರಿಮಿಯೂ ನಿಲ್ಲುತ್ತದಲ್ಲ, ಮತ್ತೆ ದೀಪ ಏಕೆ?" ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಹೊಸ ಪೊರೆಯಲ್ಲಿ ವೈರಸ್ಸು ಕೂಡ ದಾಟುವುದು ಕಷ್ಟ. ಆದರೆ ಪೊರೆಯ ಅಂಚಿನ ರಬ್ಬರು ಬಳೆ ಸವೆಯುತ್ತದೆ, ಕೂಡಿಸುವಾಗ ಸರಿಯಾಗಿ ಕೂರದೆಯೂ ಇರಬಹುದು. ಲವಣ ತುಸು ಸೋರಿದರೆ ನಮಗೇನೂ ಆಗುವುದಿಲ್ಲ, ಕ್ರಿಮಿ ತುಸು ಸೋರಿದರೆ ಆಗುತ್ತದೆ. ಅದಕ್ಕಾಗಿ ಎರಡನೆಯ ಕಾವಲು.

ಇದಿಷ್ಟು ಹಂತಗಳ ಮಾತು. ಈಗ ಪ್ರಾತ್ಯಕ್ಷಿಕೆಯಲ್ಲಿ ನಾನು ಬೇಕೆಂದೇ ಹೆಚ್ಚು ಹೊತ್ತು ಮೀಸಲಿಟ್ಟ ಭಾಗಕ್ಕೆ ಬರುತ್ತೇನೆ: ಯಂತ್ರದೊಳಗಿನ ಒಂದು ಪುಟ್ಟ ತಿರುಪು. ಟಿಡಿಎಸ್ ಕಂಟ್ರೋಲರ್ ಎಂದು ಅದರ ಹೆಸರು. ಪೊರೆ ದಾಟಿದ ನೀರಿಗೆ ರುಚಿ ಇರುವುದಿಲ್ಲ, ಸಪ್ಪೆ ಎನ್ನುತ್ತಾರೆ. ಈ ತಿರುಪನ್ನು ತೆರೆದರೆ ಪೊರೆಯನ್ನು ಹಾಯದೆ ಬಂದ ಒಂದಿಷ್ಟು ನೀರು ಶುದ್ಧ ನೀರಿಗೆ ಬೆರೆಯುತ್ತದೆ, ರುಚಿ ಬರುತ್ತದೆ. 'ಖನಿಜಾಂಶ ಉಳಿಸುವ ತಂತ್ರಜ್ಞಾನ' ಎಂದು ಜಾಹೀರಾತಿನಲ್ಲಿ ಬರುವುದು ಎಷ್ಟೋ ಸಲ ಇದೇ.

ನನ್ನ ಬಳಿ ಬರುವ ಒಂದು ಕುಟುಂಬದ ಮನೆಯಲ್ಲಿ ಕೊಳವೆ ಬಾವಿಯ ನೀರು. ಹತ್ತು ವರ್ಷದ ಹುಡುಗನ ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆಗಳಿದ್ದವು. ನಮ್ಮ ಕಡೆ ಇದು ಹೊಸದಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡದ ಸೀಮೆಯಲ್ಲಿ ಆಳದ ಕಲ್ಲಿನಿಂದ ಫ್ಲೋರೈಡ್ ಕರಗಿ ಬರುತ್ತದೆ. ಅದು ಹೆಚ್ಚಾದರೆ ಮಕ್ಕಳಲ್ಲಿ ಒಸಡಿನೊಳಗೆ ರೂಪುಗೊಳ್ಳುತ್ತಿರುವ ಹಲ್ಲಿನ ಎನಾಮೆಲ್ ಕೆಡುತ್ತದೆ, ವರ್ಷಾನುಗಟ್ಟಲೆ ಕುಡಿದರೆ ಬೆನ್ನು ಕೀಲು ಬಿಗಿಯುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗುವುದರಿಂದ ಅದರ ಪ್ರಮಾಣ ಒಂದಿಷ್ಟು ಏರುತ್ತದೆ. ಹುಡುಗನ ಹಲ್ಲು ಕಂಡ ಮೇಲೆ ತಂದೆ ಆರ್‌ಓ ಯಂತ್ರ ತಂದಿದ್ದರು. ತಕ್ಕ ನಿರ್ಧಾರವೇ. ಆದರೆ ನೀರು ಸಪ್ಪೆಯೆಂದು ಮನೆಯವರು ಹೇಳಿದ್ದಕ್ಕೆ ರಿಪೇರಿಯ ಹುಡುಗ ತಿರುಪನ್ನು ತೆರೆದು, ಮೀಟರಿನಲ್ಲಿ 300 ತೋರಿಸಿ, "ಈಗ ಹದವಾಗಿದೆ" ಎಂದು ಹೋಗಿದ್ದ. ಮೂರು ವರ್ಷದ ಹೆಣ್ಣುಮಗು ಆ ನೀರನ್ನೇ ಕುಡಿಯುತ್ತಿತ್ತು.

ಪ್ರಯೋಗಾಲಯದಿಂದ ಬಂದ ವರದಿಯಲ್ಲಿ ಬಾವಿಯ ನೀರಿನ ಫ್ಲೋರೈಡ್ ಲೀಟರಿಗೆ 4 ಮಿಲಿಗ್ರಾಂ. ಟಿಡಿಎಸ್ 900. ತಿರುಪು ಮುಚ್ಚಿದಾಗ ಯಂತ್ರದ ನೀರಿನ ಟಿಡಿಎಸ್ 60, ಫ್ಲೋರೈಡ್ 0.3. ಈ ಅಂಕಿಗಳನ್ನೇ ಶಿಕ್ಷಕಿಯ ಬರಹಕ್ಕೆ ಲೋಟಗಳ ಲೆಕ್ಕವಾಗಿ ಮಾಡಿಕೊಟ್ಟೆ.

(ಮೇಜಿನ ಮೇಲೆ ಒಂದೇ ಅಳತೆಯ ಏಳು ಲೋಟ. ಐದರಲ್ಲಿ ಯಂತ್ರದ ನೀರು. ಎರಡರಲ್ಲಿ ಬೋರ್ ನೀರು, ಗುರುತಿಗೆ ತುಸು ಅರಿಶಿನ ಕದಡಿದ್ದು.)

"ತಿರುಪು ತೆರೆದಾಗ ಆಗೋದು ಇಷ್ಟು. ಐದು ಲೋಟ ಶುದ್ಧ ನೀರು, 60ರದ್ದು. ಎರಡು ಲೋಟ ಬಾವಿ ನೀರು, 900ರದ್ದು. ಏಳನ್ನೂ ಈ ಪಾತ್ರೆಗೆ ಸುರೀತೀನಿ. ಐದು ಅರವತ್ತಲೆ ಮುನ್ನೂರು, ಎರಡು ಒಂಬೈನೂರಲೆ ಸಾವಿರದ ಎಂಟುನೂರು. ಒಟ್ಟು ಎರಡು ಸಾವಿರದ ನೂರು, ಏಳರಿಂದ ಭಾಗಿಸಿದರೆ 300. ಮೀಟರು 'ಹದ' ಅಂದಿದ್ದು ಇದನ್ನೇ. ಈಗ ಫ್ಲೋರೈಡ್ ಲೆಕ್ಕ. ಐದು ಲೋಟದಲ್ಲಿ 0.3ರಂತೆ ಒಂದೂವರೆ. ಎರಡು ಲೋಟದಲ್ಲಿ 4ರಂತೆ ಎಂಟು. ಒಟ್ಟು ಒಂಬತ್ತೂವರೆ, ಏಳರಿಂದ ಭಾಗಿಸಿದರೆ 1.36. ಅರಿಶಿನ ಎಲ್ಲಾ ಕಡೆ ಹರಡಿದೆ ನೋಡಿ. ಕುಡಿಯೋ ನೀರಿನ ಭಾರತೀಯ ಮಾನಕದಲ್ಲಿ ಫ್ಲೋರೈಡಿಗೆ ಒಪ್ಪೋ ಮಿತಿ 1. ಬೇರೆ ನೀರೇ ಸಿಗದ ಕಡೆ ಮಾತ್ರ 1.5ರವರೆಗೆ ಸಹಿಸಬಹುದು ಅಂತಿದೆ. ರುಚಿಗೋಸ್ಕರ ನಾವು ಯಂತ್ರ ತಂದ ಉದ್ದೇಶವನ್ನೇ ಅರ್ಧ ಕಳಕೊಂಡ ಹಾಗಾಯಿತು."

ಮಾನಕವೆಂದರೆ ಐಎಸ್ 10500. ಅದೇ ಮಾನಕದಲ್ಲಿ ಟಿಡಿಎಸ್‌ಗೆ ಒಪ್ಪುವ ಮಿತಿ 500, ಬೇರೆ ಮೂಲವಿಲ್ಲದಿದ್ದರೆ 2,000. ಆ ಮನೆಯ 300 ಎಂಬ ಅಂಕಿ ಲವಣದ ದೃಷ್ಟಿಯಿಂದ ಪೂರ್ತಿ ನಿರ್ದೋಷಿ. ಫ್ಲೋರೈಡ್ ಕೆಲವೇ ಮಿಲಿಗ್ರಾಂ ಇರುವ ವಸ್ತುವಾದ್ದರಿಂದ ಒಟ್ಟು ಲವಣದ ಅಂಕಿಯಲ್ಲಿ ಅದು ಲೆಕ್ಕಕ್ಕೇ ಸಿಗುವುದಿಲ್ಲ. ತಿರುಪು ಪೂರ್ತಿ ಮುಚ್ಚಿಸಿ ಮತ್ತೆ ಪರೀಕ್ಷೆ ಮಾಡಿಸಿದಾಗ ಫ್ಲೋರೈಡ್ ಮೊದಲಿನ 0.3ಕ್ಕೆ ಇಳಿಯಿತು. ಅನ್ನ, ಸಾರು, ಕಾಫಿಗೂ ಅದೇ ನೀರು ಬಳಸಲು ಹೇಳಿದೆ, ಏಕೆಂದರೆ ಬಾವಿ ನೀರಲ್ಲಿ ಬೇಯಿಸಿದರೆ ಅದರ ಫ್ಲೋರೈಡು ಊಟದ ಮೂಲಕ ಬರುತ್ತದೆ. ಹುಡುಗನ ಹಲ್ಲಿನ ಪಟ್ಟೆ ನೀರು ಬದಲಿಸಿದ್ದರಿಂದ ಮಾಯವಾಗುವುದಿಲ್ಲ, ಅದು ಅವನು ಚಿಕ್ಕವನಿದ್ದಾಗ ಆದದ್ದು. ತಂಗಿಯ ಶಾಶ್ವತ ಹಲ್ಲುಗಳು ಮಾತ್ರ ಈಗ ಒಸಡಿನೊಳಗೆ ಬೆಳೆಯುತ್ತಿವೆ. ಎಂಟು ವರ್ಷದವರೆಗಿನ ನೀರು ಅವಕ್ಕೆ ಮುಖ್ಯ.

ಆ ಮನೆಯಲ್ಲಿ ಯಂತ್ರದ ಹೊರಪೈಪಿನ ನೀರನ್ನು ಹಸುವಿನ ಬಾನಿಗೆ ಬಿಡುತ್ತಿದ್ದರು. ಒಂದಕ್ಕೆ ಮೂರು ಲೀಟರು ಹೊರಹೋಗುವ ಯಂತ್ರದಲ್ಲಿ ಆ ನೀರಿನ ಫ್ಲೋರೈಡ್ 5ನ್ನು ಮೀರುತ್ತದೆ. ದನಗಳಿಗೂ ಹಲ್ಲು, ಮೂಳೆಯ ಬಾಧೆ ತಪ್ಪಿದ್ದಲ್ಲ. ನೆಲ ಒರೆಸಲು, ಶೌಚಾಲಯಕ್ಕೆ ಉಪಯೋಗಿಸಬಹುದು.

ಹಾಗಾದರೆ ಎಲ್ಲರಿಗೂ ಆರ್‌ಓ ಬೇಕೇ? ಬೆಂಗಳೂರಿನಲ್ಲಿರುವ ಸಂಬಂಧಿಕರ ಮನೆಯ ಕಾವೇರಿ ನೀರನ್ನು ನಾನು ಅಳೆದಾಗ ಮೀಟರು 180 ತೋರಿಸಿತು. ಆ ನೀರಿನಿಂದ ಲವಣ ತೆಗೆಯಲು ಕಾರಣವೇ ಇಲ್ಲ. ಅಲ್ಲಿನ ಭಯವೇನಿದ್ದರೂ ಒಡೆದ ಪೈಪು, ತೊಳೆಯದ ಸಂಪು, ಮೇಲಿನ ತೊಟ್ಟಿಯಿಂದ ಬರುವ ಕ್ರಿಮಿಯದು. ಅದಕ್ಕೆ ಸೋಸಿ ಯುವಿ ಹಾಯಿಸಿದರೆ ಸಾಕು, ಇಲ್ಲವೇ ಸೋಸಿ ಒಂದು ನಿಮಿಷ ಕುದಿ ಬರಿಸಿ ಮುಚ್ಚಿಟ್ಟರೂ ಸಾಕು. ಪ್ರತಿ ಲೀಟರಿಗೆ ಮೂರು ಲೀಟರು ಚರಂಡಿಗೆ ಬಿಡುವುದು ಅಲ್ಲಿ ಬರೀ ದಂಡ. ಸಂಪಿಗೆ ಟ್ಯಾಂಕರಿನ ಬೋರ್ ನೀರೂ ಸೇರುವ ಮನೆಯಾದರೆ ಮಾತು ಬೇರೆ, ಆ ಬೆರಕೆ ನೀರನ್ನೇ ಪರೀಕ್ಷಿಸಬೇಕು.

ಆದ್ದರಿಂದ ಶಿಕ್ಷಕಿಯ ಮಾತಿನ ಈ ಭಾಗ:

"ಯಂತ್ರ ನೋಡೋಕೆ ಮುಂಚೆ ನೀರು ನೋಡಿ. ಜಿಲ್ಲೆಯ ನೀರಿನ ಪ್ರಯೋಗಾಲಯಕ್ಕೆ ಒಂದು ಲೀಟರಿನ ಸ್ವಚ್ಛ ಬಾಟಲಿಯಲ್ಲಿ ನೀರು ಕೊಟ್ಟು ಫ್ಲೋರೈಡು, ನೈಟ್ರೇಟು, ಗಡಸುತನ ಕೇಳಿ. ಕ್ರಿಮಿ ಪರೀಕ್ಷೆಗೆ ಬಾಟಲಿ ನಿಮ್ಮದಲ್ಲ, ಅವರೇ ಕ್ರಿಮಿ ಕೊಂದ ಸೀಸೆ ಕೊಡ್ತಾರೆ. ಅದರ ಬಾಯಿಗೆ ಬೆರಳು ತಾಗಿಸದೆ ತುಂಬಿ, ಮಂಜುಗಡ್ಡೆ ಜೊತೆ ಅದೇ ದಿನ ತಲುಪಿಸಿ. ಫ್ಲೋರೈಡು, ನೈಟ್ರೇಟು ಹೆಚ್ಚಿದೆ ಅಂತ ಬಂದರೆ ಆರ್‌ಓ. ಉಪ್ಪುಪ್ಪಾಗಿ ಕುಡಿಯೋಕೇ ಆಗದಿದ್ದರೂ ಆರ್‌ಓ. ಬರೀ ಕ್ರಿಮಿಯ ಭಯ ಇದ್ದರೆ ಯುವಿ ಇಲ್ಲವೇ ಒಲೆ."

ಹೇಳಿಕೆಗಳ ವಿಚಾರಕ್ಕೆ ಬಂದರೆ, ಡಬ್ಬಿಯ ಮೇಲೆ ದೊಡ್ಡದಾಗಿ ಇರುವುದು ಶೇಕಡಾ ಲೆಕ್ಕ. ಸಭೆಯಲ್ಲಿ ಇದನ್ನು ಹೀಗೆ ಬಿಡಿಸಿ ಹೇಳಲಾಯಿತು:

"ಒಂದು ಲೋಟದಲ್ಲಿ ಹತ್ತು ಲಕ್ಷ ಬ್ಯಾಕ್ಟೀರಿಯಾ ಇದೆ ಅಂದುಕೊಳ್ಳಿ. ಶೇಕಡಾ 99 ಕೊಲ್ಲುತ್ತೆ ಅಂದರೆ ಉಳಿಯೋದು ಹತ್ತು ಸಾವಿರ. 99.99 ಅಂದರೆ ಉಳಿಯೋದು ನೂರು. 99.9999 ಅಂದರೆ ಒಂದು. ನೋಡೋದಕ್ಕೆ ಎಲ್ಲ ಒಂದೇ ಥರ ಒಂಬತ್ತು, ವ್ಯತ್ಯಾಸ ಅಜಗಜಾಂತರ. ಯಾವ ಕ್ರಿಮಿಗೆ ಈ ಲೆಕ್ಕ, ಬ್ಯಾಕ್ಟೀರಿಯಾಗೋ ವೈರಸ್ಸಿಗೋ? ಹೊಸ ಯಂತ್ರದ ಮೊದಲ ಲೀಟರಿಗೋ, ಫಿಲ್ಟರಿನ ಆಯುಸ್ಸು ಮುಗಿಯೋ ಹೊತ್ತಿನ ಲೀಟರಿಗೋ? ಕೇಳಿ. ಕಾಗದದಲ್ಲಿ ತೋರಿಸಿ ಅನ್ನಿ."

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1987ರಲ್ಲಿ ಇಂಥ ಯಂತ್ರಗಳಿಗೆ ಹಾಕಿಕೊಟ್ಟ ಮಾರ್ಗಸೂಚಿಯಲ್ಲಿ ಬ್ಯಾಕ್ಟೀರಿಯಾಕ್ಕೆ 99.9999, ವೈರಸ್ಸಿಗೆ 99.99, ಪ್ರೋಟೋಜೋವಾ ಜಾತಿಯ ಕೋಶಗಳಿಗೆ 99.9 ಎಂದು ಮೂರು ಬೇರೆ ಬೇರೆ ಅಳತೆಗಳಿವೆ. ಡಬ್ಬಿಯ ಮೇಲೆ ಒಂದೇ ಅಂಕಿ ಇದ್ದರೆ ಅದು ಅತಿ ಸುಲಭವಾದ ಕ್ರಿಮಿಯದೆಂದು ತಿಳಿಯಬಹುದು.

ಖನಿಜಾಂಶ ಸೇರಿಸುವ ಕೊಳವೆಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಲೀಟರಿಗೆ 40 ಮಿಲಿಗ್ರಾಂ ಕ್ಯಾಲ್ಸಿಯಂ ಇರುವ ನೀರನ್ನು ದಿನಕ್ಕೆ ಎರಡು ಲೀಟರು ಕುಡಿದರೆ ಸಿಗುವುದು 80. ನೂರು ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ 300ಕ್ಕೂ ಹೆಚ್ಚು. 'ಕ್ಷಾರೀಯ ನೀರು' ಎಂಬ ಇತ್ತೀಚಿನ ಶೋಕಿಯೂ ಅಷ್ಟೇ. ಕುಡಿದ ನೀರು ಮೊದಲು ಬೀಳುವುದು ಜಠರದ ಆಮ್ಲದೊಳಕ್ಕೆ. ಗಡಸು ನೀರಿನಿಂದಲೇ ಮೂತ್ರಪಿಂಡದ ಕಲ್ಲು ಬರುತ್ತದೆ ಎನ್ನುವವರೂ ಉಂಟು. ಅದಕ್ಕೆ ಗಟ್ಟಿ ಆಧಾರವಿಲ್ಲ. ನಮ್ಮ ಬಿಸಿಲಿನಲ್ಲಿ ದುಡಿದು ಸಾಕಷ್ಟು ನೀರು ಕುಡಿಯದಿರುವುದು ಕಲ್ಲಿಗೆ ಅದಕ್ಕಿಂತ ದೊಡ್ಡ ಕಾರಣ.

ಕಡೆಗೆ, ಆ ಮೀಟರನ್ನು ಎಸೆಯಬೇಕೇ ಎಂದು ಕೇಳಿದ್ದೂ ಉಂಟು. ಬೇಡ. ಅದಕ್ಕೊಂದು ನ್ಯಾಯವಾದ ಕೆಲಸವಿದೆ, ಪೊರೆಯ ಆರೋಗ್ಯವನ್ನು ನೋಡುವುದು.

"ತಿಂಗಳಿಗೊಮ್ಮೆ ಯಂತ್ರಕ್ಕೆ ಹೋಗೋ ನೀರು, ಯಂತ್ರದಿಂದ ಬರೋ ನೀರು ಎರಡನ್ನೂ ಅಳೆದು, ತಾರೀಖು ಹಾಕಿ, ಯಂತ್ರದ ಮಗ್ಗುಲಿಗೆ ಅಂಟಿಸಿದ ಚೀಟಿಯಲ್ಲಿ ಬರೆಯಿರಿ. ತಿರುಪು ಮುಚ್ಚಿದ್ದಾಗ ಬರೋ ನೀರಿನ ಅಂಕಿ ಹೋಗೋದರ ಹತ್ತನೇ ಒಂದು ಪಾಲಿನ ಆಸುಪಾಸು ಇರಬೇಕು. 900 ಹೋದರೆ 90ರ ಒಳಗೆ ಬಂದರೆ ಚೆಂದ. ಅದು 120, 180, 250 ಅಂತ ತಿಂಗಳು ತಿಂಗಳು ಏರುತ್ತಿದ್ದರೆ ಪೊರೆ ಸೋರುತ್ತಿದೆ. ಒಂದೇ ದಿನದಲ್ಲಿ ಜಿಗಿದಿದ್ದರೆ ಯಾರೋ ತಿರುಪು ಮುಟ್ಟಿದ್ದಾರೆ. ರಿಪೇರಿಯವರು ಹೊಸ ಮೆಂಬ್ರೇನ್ ಹಾಕಿದೆ ಅಂದರೆ ಅವರು ಹೋಗೋ ಮುಂಚೆಯೇ ಅಳೆಯಿರಿ. ದುಡ್ಡು ಕೊಡೋದು ಆಮೇಲೆ.

"ಯಂತ್ರದ ನೀರಿನಲ್ಲಿ ಕ್ಲೋರಿನ್ ವಾಸನೆ ಬರೋಕೆ ಶುರುವಾದರೆ ಇದ್ದಿಲಿನ ಆಯುಸ್ಸು ಮುಗಿದಿದೆ ಅಂತ ಅರ್ಥ. ಅದನ್ನ ತಡ ಮಾಡಬೇಡಿ, ಕ್ಲೋರಿನ್ನು ತಾಗಿದರೆ ಮುಂದಿನ ಪೊರೆಯೂ ಹಾಳು. ದೀಪ ಹಾಕಿದ ತಾರೀಖನ್ನೂ ಅದೇ ಚೀಟಿಯಲ್ಲಿ ಬರೆದಿಡಿ. ಹಬ್ಬಕ್ಕೆ ಊರಿಗೆ ಹೋಗಿ ನಾಲ್ಕು ದಿನ ಬಿಟ್ಟು ಬಂದಾಗ ತೊಟ್ಟಿಯಲ್ಲಿ ನಿಂತ ನೀರನ್ನ ಪೂರ್ತಿ ಚೆಲ್ಲಿ, ಇನ್ನೊಂದು ತೊಟ್ಟಿ ತುಂಬಿಸಿ ಅದನ್ನೂ ಚೆಲ್ಲಿ, ಮೂರನೇ ತೊಟ್ಟಿಯಿಂದ ಕುಡಿಯಿರಿ."